ಅಳಿಸಿದ ಮನೆ ಖಾಲಿಯಲ್ಲ

ಹ್ಯಾಶ್ ಟೇಬಲ್ ಬರೆಯುವ ಅಸೈನ್‌ಮೆಂಟಿನಲ್ಲಿ ಸೇರಿಸುವುದು, ಹುಡುಕುವುದು ಸುಲಭವಾಗಿಯೇ ಆಗುತ್ತದೆ. ವಿದ್ಯಾರ್ಥಿಗಳು ಎಡವುವುದು ಅಳಿಸುವಾಗ.

7 ಮನೆಗಳ ಟೇಬಲ್ ತೆಗೆದುಕೊಳ್ಳೋಣ. ಸಂಖ್ಯೆಯನ್ನು 7ರಿಂದ ಭಾಗಿಸಿ ಉಳಿದ ಶೇಷವೇ ಅದರ ಮನೆ. 10, 17, 24 ಮೂರಕ್ಕೂ ಶೇಷ 3. ಇದೇ ಡಿಕ್ಕಿ. ಓಪನ್ ಅಡ್ರೆಸಿಂಗ್‌ನ ಸರಳ ಕ್ರಮದಲ್ಲಿ ಮುಂದಿನ ಖಾಲಿ ಮನೆ ಹಿಡಿಯಬೇಕು: 10 ಮೂರರಲ್ಲಿ, 17 ನಾಲ್ಕರಲ್ಲಿ, 24 ಐದರಲ್ಲಿ.

ಈಗ 17ನ್ನು ಅಳಿಸಿ, ನಾಲ್ಕನೇ ಮನೆಯನ್ನು ಖಾಲಿ ಮಾಡಿದಿರಿ ಎನ್ನಿ. ಆಮೇಲೆ 24ನ್ನು ಹುಡುಕಿದರೆ? ಮೂರರಲ್ಲಿ 10 ಇದೆ, ನಾಲ್ಕು ಖಾಲಿ. ಖಾಲಿ ಮನೆ ಕಂಡೊಡನೆ ಹುಡುಕಾಟ ನಿಲ್ಲುತ್ತದೆ, 'ಇಲ್ಲ' ಎಂಬ ಉತ್ತರ ಬರುತ್ತದೆ. 24 ಮಾತ್ರ ಐದರಲ್ಲಿ ಹಾಗೇ ಕೂತಿದೆ! ಪ್ರೋಗ್ರಾಮ್ ನಿಲ್ಲುವುದಿಲ್ಲ, ದೋಷದ ಸಂದೇಶವೂ ಇಲ್ಲ. ಅದಕ್ಕೇ ಇದು ಅಪಾಯಕಾರಿ. ಹೀಗೆ ಡಿಕ್ಕಿಯಾಗುವ ಮೂರು ಸಂಖ್ಯೆ ಸೇರಿಸಿ, ನಡುವಿನದನ್ನು ಅಳಿಸಿ, ಕೊನೆಯದನ್ನು ಹುಡುಕಿದರೆ ತಪ್ಪು ಬಯಲಾಗುತ್ತದೆ.

ಪರಿಹಾರ, ಆ ಮನೆಗೆ 'ಅಳಿಸಲಾಗಿದೆ' ಎಂಬ ಗುರುತು ಹಾಕುವುದು. ಹುಡುಕುವಾಗ ಗುರುತನ್ನು ದಾಟಿ ಹೋಗಬೇಕು, ಸೇರಿಸುವಾಗ ಆ ಜಾಗ ಬಳಸಬಹುದು. ಆದರೆ ಗುರುತುಗಳು ಹೆಚ್ಚಿದಷ್ಟೂ ಹುಡುಕಾಟ ನಿಧಾನ. ಆಗಾಗ ಟೇಬಲನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ.

ಚೈನಿಂಗ್‌ನಲ್ಲಿ ಈ ತೊಡಕಿಲ್ಲ. ಮೂರನೇ ಮನೆಯಿಂದ ಹೊರಟ ಪಟ್ಟಿಯಲ್ಲಿ ಮೂರೂ ಇರುತ್ತವೆ, 17ರ ಕೊಂಡಿ ಕಳಚಿದರೆ ಮುಗಿಯಿತು. ಬೆಲೆ ಎಂದರೆ ಪ್ರತಿ ಕೊಂಡಿಗೂ ಒಂದು ಪಾಯಿಂಟರ್‌ನ ಹೆಚ್ಚುವರಿ ಮೆಮೊರಿ.

ಅಳಿಸುವ ಕೆಲಸ ಹೆಚ್ಚಿದ್ದರೆ ನನ್ನ ಆಯ್ಕೆ ಚೈನಿಂಗ್. ಅಳಿಸುವುದೇ ಇಲ್ಲದೆ, ಟೇಬಲ್ ಅರ್ಧದಷ್ಟೇ ತುಂಬುವುದಾದರೆ ಓಪನ್ ಅಡ್ರೆಸಿಂಗ್ ಚೆನ್ನ: ಇಲ್ಲದ ಸಂಖ್ಯೆಯನ್ನು ಹುಡುಕಲು ಆಗ ಸರಾಸರಿ ಎರಡೂವರೆ ಮನೆ ನೋಡಿದರೆ ಸಾಕು. ಶೇಕಡಾ 90 ತುಂಬಿದರೆ ಅದು ಸುಮಾರು 50ಕ್ಕೇರುತ್ತದೆ.