ಕಾರ್ತೀಕದ ಮೂವತ್ತು ಸಂಜೆ

ಸೊರಬದ ಚಂದ್ರಗುತ್ತಿ ಸೀಮೆಯಲ್ಲಿ ಕಾರ್ತೀಕದ ದೀಪ ಹಾಡಿಕೊಂಡು ಮನೆಬಾಗಿಲಿಗೇ ನಡೆದು ಬರುತ್ತದೆ. ಬಲಿಪಾಡ್ಯಮಿಯ ರಾತ್ರಿ ಅಂಟಿಗೆ-ಪಂಟಿಗೆಯವರು ಊರ ದೇವಸ್ಥಾನದಲ್ಲಿ ಹಚ್ಚಿದ ಜ್ಯೋತಿಯನ್ನು ಹಿಡಿದು ಹೊರಡುತ್ತಾರೆ. ಗಾಳಿಗೆ ಆರದಂತೆ ಅದನ್ನು ಮರೆಮಾಡಿಕೊಂಡು ಮನೆಮನೆಗೆ ಹೋಗಿ, ಬಾಗಿಲು ತೆರೆಯಿರೆಂದು ಹಾಡುತ್ತಾರೆ. ಮನೆಯವರು ತಮ್ಮ ದೀಪಕ್ಕೆ ಆ ಜ್ಯೋತಿಯಿಂದ ಬೆಳಕು ಪಡೆದು, ಅವರ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಅಕ್ಕಿ, ಕಾಸು ಕೊಡುತ್ತಾರೆ. ಒಬ್ಬರ ಬೆಳಕು, ಇನ್ನೊಬ್ಬರ ಎಣ್ಣೆ. ಈ ತಿಂಗಳ ಅರ್ಥವನ್ನು ಯಾವ ಪುರಾಣಕ್ಕಿಂತಲೂ ಸರಳವಾಗಿ ಹೇಳುವುದು ಈ ಕೊಡುಕೊಳ್ಳುವಿಕೆಯೇ ಎಂದು ನನಗನ್ನಿಸುತ್ತದೆ.

ಅಲ್ಲಿಂದ ಅಮಾವಾಸ್ಯೆಯವರೆಗೆ ದಿನವೂ ಮುಸ್ಸಂಜೆ ತುಳಸಿಕಟ್ಟೆಯ ಗೂಡಿನಲ್ಲೊಂದು, ಹೊಸಿಲ ಬಳಿ ಒಂದು ದೀಪ. 2025ರಲ್ಲಿ ಈ ಮಾಸ ಅಕ್ಟೋಬರ್ 22ರಿಂದ ನವೆಂಬರ್ 20ರವರೆಗಿತ್ತು, ಸರಿಯಾಗಿ ಮೂವತ್ತು ದಿನ. ಒಂದು ಹಣತೆಗೆ ಮೂರು ಚಮಚ, ಎಂದರೆ ಸುಮಾರು 15 ಮಿಲಿಲೀಟರ್ ಎಣ್ಣೆ ಹಿಡಿದರೆ, ಎರಡು ಹಣತೆಗೆ ತಿಂಗಳಿಗೆ 900 ಮಿಲಿಲೀಟರ್ ಬೇಕು. ಒಂದು ದೀಪಕ್ಕೆ ಎರಡೆಳೆಯಂತೆ 120 ಬತ್ತಿ. ಅದಕ್ಕೇ ಹಬ್ಬಕ್ಕೆ ಮೊದಲೇ ಹತ್ತಿ ಬಿಡಿಸಿ, ಬೆರಳಿಗೆ ಒಂದಿಷ್ಟು ಹಾಲು ಸೋಕಿಸಿ, ಬತ್ತಿ ಹೊಸೆದು ಡಬ್ಬಿ ತುಂಬಿಸಿಡುವುದು.

ಹೊಸ ಹಣತೆ ತಂದ ದಿನವೇ ಎಣ್ಣೆ ಹಾಕಬಾರದು. ಸುಟ್ಟ ಮಣ್ಣು ಎಣ್ಣೆ ಕುಡಿಯುತ್ತದೆ. ಬೆಳಿಗ್ಗೆ ನೋಡಿದರೆ ನೆಲದಲ್ಲಿ ಉಂಗುರದಂಥ ಜಿಡ್ಡು. ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಮರುದಿನ ಬಿಸಿಲಿಗಿಟ್ಟರೆ ಕುಡಿಯುವುದು ಕಡಿಮೆಯಾಗುತ್ತದೆ. ಆದರೆ ಮೇಲ್ಮೈ ಚೆನ್ನಾಗಿ ಆರಿರಬೇಕು. ಬತ್ತಿಗೆ ತೇವ ತಗುಲಿದರೆ ದೀಪ ಚಟಚಟ ಎಂದು ಸಿಡಿಯುತ್ತದೆ.

ಸಂಜೆಯ ಕೆಲಸ ಹೆಚ್ಚಿಲ್ಲ. ಕಟ್ಟೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯ ನಾಲ್ಕು ಎಳೆ. ಹಿಂದಿನ ದಿನದ ಕರಿ ಒರೆಸಿ ಎಣ್ಣೆ ಹಾಕಿ, ಎರಡು ಬತ್ತಿ ಜೊತೆ ಮಾಡಿ ಪೂರ್ತಿ ಅದ್ದಿ, ತುದಿಯನ್ನು ಭತ್ತದ ಕಾಳಿನಷ್ಟು ಮಾತ್ರ ಹಣತೆಯ ಅಂಚಿನಿಂದ ಹೊರಗೆ ಎಳೆಯಬೇಕು. ಹೊತ್ತು ಮುಳುಗುವ ಆರು ಗಂಟೆಯ ಸುಮಾರಿಗೆ ದೇವರ ಮುಂದಿನ ದೀಪದಿಂದ ಇದನ್ನು ಹಚ್ಚುವುದು. ತುದಿ ಉದ್ದವಾದರೆ ಉರಿ ಮೇಲೆದ್ದು ಹೊಗೆ ಕಕ್ಕುತ್ತದೆ, ಗೂಡಿನ ಮೇಲ್ಭಾಗ ಕಪ್ಪಾಗುತ್ತದೆ. ಎಣ್ಣೆ ಇದ್ದೂ ದೀಪ ಸಣ್ಣಗಾದರೆ ತುದಿಯಲ್ಲಿ ಕರಿ ಕಟ್ಟಿದೆ ಎಂದರ್ಥ. ಕಡ್ಡಿಯಿಂದ ಅದನ್ನು ಉದುರಿಸಿ ಬತ್ತಿ ಸ್ವಲ್ಪ ಮುಂದೆ ದೂಡಿದರೆ ಸಾಕು.

ಮಲೆನಾಡಿನಲ್ಲಿ ಹೆಚ್ಚು ತೊಂದರೆ ಕೊಡುವುದು ಕೊಬ್ಬರಿ ಎಣ್ಣೆ. ಸುಮಾರು 24 ಡಿಗ್ರಿಗಿಂತ ಚಳಿ ಹೆಚ್ಚಿದರೆ ಅದು ಹೆಪ್ಪುಗಟ್ಟುತ್ತದೆ, ಬತ್ತಿಗೆ ಏರುವುದಿಲ್ಲ. ಹಚ್ಚಿದ ದೀಪ ಎರಡು ನಿಮಿಷ ಉರಿದು ನಂದುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಅಪಶಕುನವೆಂದು ಹೆದರಬೇಕಿಲ್ಲ. ಎಳ್ಳೆಣ್ಣೆ ಈ ಚಳಿಗೆ ಗಟ್ಟಿಯಾಗದು. ಹಿಂದೆ ಹೊನ್ನೆ ಬೀಜದ ಎಣ್ಣೆಯೂ ದೀಪಕ್ಕೆ ಬಳಕೆಯಲ್ಲಿತ್ತು. ಅದರ ಘಾಟು ವಾಸನೆ ಹಳಬರಿಗೆ ಗೊತ್ತು.

ಇದೇ ತಿಂಗಳಿಗೇಕೆ ಇಷ್ಟು ದೀಪ? ಹುಣ್ಣಿಮೆಯ ಚಂದ್ರ ಕೃತ್ತಿಕಾ ನಕ್ಷತ್ರದ ಬಳಿ ಬರುವುದರಿಂದ ಮಾಸಕ್ಕೆ ಈ ಹೆಸರು. ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಪೂರ್ವಕ್ಕೆ ತಿರುಗಿದರೆ ಕೃತ್ತಿಕೆಯ ಗೊಂಚಲು ಮೂಡುವುದು ಕಾಣುತ್ತದೆ, ಮೋಡವಿಲ್ಲದಿದ್ದರೆ. ಮಳೆ ಹಿಂದಾಗಿ ಆಕಾಶ ತೊಳೆದಂತಿರುವ, ರಾತ್ರಿ ದಿನದಿನಕ್ಕೂ ಹಿಗ್ಗುವ ಕಾಲವಿದು. ಮಹಾಲಯಕ್ಕೆ ಬಂದ ಹಿರಿಯರಿಗೆ ಹಿಂತಿರುಗುವ ದಾರಿ ಕಾಣಲೆಂದು ಎತ್ತರದಲ್ಲಿ ಆಕಾಶದೀಪ ಕಟ್ಟುತ್ತಾರೆ. ಶುಕ್ಲ ದ್ವಾದಶಿಯಂದು ವಿಷ್ಣು ಏಳುತ್ತಾನೆಂದು ತುಳಸಿಯ ಜೊತೆ ಕಾಯಿ ಬಿಟ್ಟ ನೆಲ್ಲಿಯ ಟೊಂಗೆ ನೆಟ್ಟು ಪೂಜೆ. ಹುಣ್ಣಿಮೆಗೆ ಶಿವ ತ್ರಿಪುರವನ್ನು ಸುಟ್ಟ ನೆನಪು. ಬಂಡೆಯ ಗುಹೆಯಲ್ಲಿ ನೆಲೆಸಿದ ರೇಣುಕಾಂಬೆಯ ಗುತ್ತಿ ಬೆಟ್ಟವನ್ನು ನಿತ್ಯ ಕಾಣುವವರಿಗೆ, ಕತ್ತಲೊಳಗೆ ಒಂದು ದೀಪ ಎಷ್ಟು ತೋರಿಸಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ.

ಗದ್ದೆಯ ಹುಳ ಸಾಯಲೆಂದೇ ಈ ದೀಪ ಎನ್ನುವವರಿದ್ದಾರೆ. ಜಿಗಿಹುಳ ಬೆಳಕಿಗೆ ಬರುವುದು ನಿಜ. ಆದರೆ ಗೂಡಿನೊಳಗಿನ ಒಂದು ಹಣತೆ ಎಕರೆ ಭತ್ತವನ್ನು ಕಾಯಲಾರದು. ಭೂಮಿ ಹುಣ್ಣಿಮೆಯಲ್ಲಿ ಬಸುರಿ ಪೈರಿಗೆ ಬಯಕೆಯೂಟ ಬಡಿಸಿದ ಮನೆ, ಆ ಬೆಳೆ ಕೈಗೆ ಬರುವ ಹೊತ್ತಿಗೆ ದೀಪ ಇಡುತ್ತದೆ ಎನ್ನುವುದೇ ನನಗೆ ಹೆಚ್ಚು ಒಪ್ಪಿತ.

ಕೊಯ್ಲಿನ ಈ ಕಾಲದಲ್ಲಿ ಅಂಗಳದ ಆಸುಪಾಸು ಹುಲ್ಲು, ಅಡಿಕೆ ಚಪ್ಪರದ ಒಣಸೋಗೆ ಇರುತ್ತವೆ. ತುಂಬಿದ ಹಣತೆ ಬತ್ತಿಯ ದಪ್ಪಕ್ಕೆ ತಕ್ಕಂತೆ ಒಂದೆರಡು ಗಂಟೆ ಉರಿಯುತ್ತದೆ. ಹೊಸಿಲ ದೀಪವನ್ನು ಹಾಗೇ ಬಿಟ್ಟು ಮಲಗುವುದು ಬೇಡ. ಎಣ್ಣೆ ಮುಗಿಯುವವರೆಗೆ ಯಾರಾದರೂ ಎದ್ದಿರಲಿ, ಇಲ್ಲವೇ ಬತ್ತಿಯನ್ನು ಎಣ್ಣೆಯೊಳಕ್ಕೆ ಎಳೆದು ಶಾಂತ ಮಾಡಿ.