ತಿರುಗುವ ಶಾಫ್ಟ್ ಎಷ್ಟು ತಾಳುತ್ತದೆ?

ಯಂತ್ರದ ಶಾಫ್ಟ್ ಎರಡು ಬಗೆಯಲ್ಲಿ ಮುರಿಯಬಹುದು. ತಡೆಯಲಾರದಷ್ಟು ಭಾರ ಒಮ್ಮೆಲೇ ಬಿದ್ದರೆ ಅದು ಮೊದಲು ಬಾಗಿ, ಆಮೇಲೆ ಮುರಿಯುತ್ತದೆ. ಇನ್ನೊಂದು ಬಗೆಯಲ್ಲಿ ಭಾರ ಹೆಚ್ಚಿರುವುದಿಲ್ಲ. ತಿಂಗಳುಗಟ್ಟಲೆ ಸರಿಯಾಗಿ ತಿರುಗಿದ ಶಾಫ್ಟ್ ಬಾಗುವ ಸೂಚನೆಯನ್ನೂ ಕೊಡದೆ ಒಂದು ದಿನ ಎರಡು ತುಂಡಾಗುತ್ತದೆ. ಈ ಎರಡನೆಯದೇ ಲೋಹದ ದಣಿವು. ಶಾಫ್ಟಿನ ವ್ಯಾಸ ದಪ್ಪದಿಂದ ಸಣ್ಣದಕ್ಕೆ ಇಳಿಯುವ ಮೆಟ್ಟಿಲಿನ ಮೂಲೆಯಲ್ಲಿ ಅದು ಹೆಚ್ಚಾಗಿ ಶುರುವಾಗುತ್ತದೆ.

ಕನ್ವೇಯರ್ ಬೆಲ್ಟಿನ ತುದಿಯಲ್ಲಿ, ಮೋಟಾರ್ ಇಲ್ಲದ ಕಡೆ, ತಿರುಗುವ ಡ್ರಮ್ಮಿನ ಶಾಫ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಡ್ರಮ್ಮಿನ ಜೊತೆಗೇ ಶಾಫ್ಟ್ ತಿರುಗುತ್ತದೆ, ಆದರೆ ಅದು ಶಕ್ತಿಯನ್ನು ಸಾಗಿಸುವುದಿಲ್ಲ. ಆದ್ದರಿಂದ ತಿರುಚುವ ಬಲವನ್ನು ಬಿಟ್ಟು ಬಾಗಿಸುವ ಬಲವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬೆಲ್ಟ್ ಶಾಫ್ಟನ್ನು ಸದಾ ಒಂದೇ ದಿಕ್ಕಿಗೆ ಎಳೆಯುತ್ತದೆ. ಶಾಫ್ಟ್ ತಿರುಗುತ್ತಿರುವುದರಿಂದ ಅದರ ಮೇಲ್ಮೈಯ ಒಂದು ಬಿಂದು ಈಗ ಹಿಗ್ಗುವ ಬದಿಯಲ್ಲಿದ್ದರೆ ಅರ್ಧ ಸುತ್ತಿನ ನಂತರ ಕುಗ್ಗುವ ಬದಿಗೆ ಬರುತ್ತದೆ. ಎಳೆತ ಎಷ್ಟೋ ಒತ್ತೂ ಅಷ್ಟೇ, ಸರಾಸರಿ ಸೊನ್ನೆ. ಪೂರ್ಣವಾಗಿ ಹಿಮ್ಮರಳುವ ಬಾಗು ಎನ್ನುವುದು ಇದನ್ನೇ. ನಿಮಿಷಕ್ಕೆ 100 ಸುತ್ತು ತಿರುಗುವ ಶಾಫ್ಟಿಗೆ ದಿನಕ್ಕೆ 1,44,000 ಸಲ ಹೀಗಾಗುತ್ತದೆ. ಹತ್ತು ಲಕ್ಷ ಸುತ್ತು ಮುಗಿಯಲು ಒಂದು ವಾರ ಸಾಕು.

ಈ ಸಮಸ್ಯೆ ರೈಲಿನಷ್ಟೇ ಹಳೆಯದು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹಿಂದಿರುಗುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಭೀಕರ ಅಪಘಾತವಾಯಿತು. ಆ ಕಾಲದಲ್ಲೇ ಬ್ರಿಟನ್ನಿನ ವಿಲಿಯಂ ರಾಂಕಿನ್ ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ಚೂಪಾದ ಮೂಲೆಯಿಂದ ಒಳಗೆ ಸಾಗುವುದನ್ನು ಗುರುತಿಸಿದರು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಅಚ್ಚುಗಳನ್ನು ಭಾರ ಹೊರಿಸಿ ತಿರುಗಿಸುತ್ತಾ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಉಕ್ಕಿನಲ್ಲಿ ಸ್ಟ್ರೆಸ್ ಒಂದು ಮಿತಿಗಿಂತ ಕೆಳಗಿದ್ದರೆ ಎಷ್ಟು ಸಲ ತಿರುಗಿಸಿದರೂ ಅದು ಮುರಿಯುವುದಿಲ್ಲ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಆ ಮಿತಿಯೇ ತಾಳಿಕೆಯ ಮಿತಿ, ಅಂದರೆ ಎಂಡ್ಯೂರೆನ್ಸ್ ಲಿಮಿಟ್.

ಉದಾಹರಣೆಯ ಶಾಫ್ಟನ್ನು ಮಧ್ಯಮ ಇಂಗಾಲದ ಉಕ್ಕಿನಿಂದ ಲೇತಿನಲ್ಲಿ ಕಡೆಯಲಾಗಿದೆ. ಅದನ್ನು ಎಳೆದು ತುಂಡು ಮಾಡಲು 630 ಮೆಗಾಪ್ಯಾಸ್ಕಲ್, ಅಂದರೆ ಪ್ರತಿ ಚದರ ಮಿಲಿಮೀಟರಿಗೆ 630 ನ್ಯೂಟನ್ ಸ್ಟ್ರೆಸ್ ಬೇಕು; ಶಾಶ್ವತವಾಗಿ ಬಾಗಿಸಲು 350 ಸಾಕು. ಡ್ರಮ್ ಇರುವ ಕಡೆ ವ್ಯಾಸ 48 ಮಿಲಿಮೀಟರ್, ಬೇರಿಂಗ್ ಕಡೆ 40. ಈ ಎರಡರ ನಡುವಿನ ಮೆಟ್ಟಿಲಿನ ಮೂಲೆಯನ್ನು 2 ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಾಗಿಸಲಾಗಿದೆ. ಈ ದುಂಡುಮೂಲೆಯೇ ಫಿಲೆಟ್. ಬೇರಿಂಗ್ ಶಾಫ್ಟಿನ ಮೇಲೆ ಹೇರುವ ಬಲ 5,000 ನ್ಯೂಟನ್, ಬೇರಿಂಗ್ ನಡುವಿನಿಂದ ಮೆಟ್ಟಿಲಿಗೆ 80 ಮಿಲಿಮೀಟರ್ ದೂರ. ಹಾಗಾಗಿ ಮೆಟ್ಟಿಲಿನ ಬಳಿ ಬಾಗಿಸುವ ಮೊಮೆಂಟ್ 400 ನ್ಯೂಟನ್-ಮೀಟರ್.

ಮೊದಲ ಹೆಜ್ಜೆ ಸಾಮಾನ್ಯ ಸ್ಟ್ರೆಸ್ ಕಂಡುಹಿಡಿಯುವುದು. ಇದಕ್ಕೆ ಸೂತ್ರ σ = 32M/πd³. ಇಲ್ಲಿ ಸಣ್ಣ ವ್ಯಾಸವನ್ನೇ, ಅಂದರೆ 40 ಅನ್ನೇ ಹಾಕಬೇಕು. ಉತ್ತರ ಸುಮಾರು 64 ಮೆಗಾಪ್ಯಾಸ್ಕಲ್. ಬಾಗುವ ಮಿತಿಯಾದ 350ರ ಮುಂದೆ ಇದು ಅಲ್ಪ. ಐದೂವರೆ ಪಟ್ಟು ಸುರಕ್ಷಿತ ಎಂದು ತೋರುತ್ತದೆ. ಆದರೆ ಈ ಹೋಲಿಕೆ ಒಮ್ಮೆ ಮಾತ್ರ ಬೀಳುವ ಭಾರಕ್ಕೆ ಸರಿ, ದಣಿವಿಗಲ್ಲ.

ಎರಡನೆಯ ಹೆಜ್ಜೆ ಈ ಶಾಫ್ಟಿನ ತಾಳಿಕೆಯ ಮಿತಿಯನ್ನು ಅಂದಾಜಿಸುವುದು. ಸಾಮಾನ್ಯ ಉಕ್ಕುಗಳಲ್ಲಿ ಅದು ಎಳೆತದ ಬಲದ ಸುಮಾರು ಅರ್ಧ, ಇಲ್ಲಿ 315. ಆದರೆ ಈ ಅಂಕಿ ಪ್ರಯೋಗಾಲಯದಲ್ಲಿ ತಿರುಗಿಸಿದ, ಕನ್ನಡಿಯಂತೆ ಹೊಳಪಿಟ್ಟ, ಸುಮಾರು 7.6 ಮಿಲಿಮೀಟರ್ ದಪ್ಪದ ಸಣ್ಣ ಮಾದರಿಗೆ ಸೇರಿದ್ದು. ನಿಜವಾದ ಶಾಫ್ಟಿಗೆ ಅದನ್ನು ತಗ್ಗಿಸಬೇಕು. ಲೇತಿನ ಉಳಿ ಬಿಟ್ಟ ಗೆರೆಗಳಲ್ಲಿ ಬಿರುಕು ಸುಲಭವಾಗಿ ಹುಟ್ಟುವುದರಿಂದ ಮೇಲ್ಮೈಗೆ 0.82ರ ಗುಣಕ. ದಪ್ಪ ಶಾಫ್ಟಿನಲ್ಲಿ ಹೆಚ್ಚು ಸ್ಟ್ರೆಸ್ ಹೊರುವ ಲೋಹದ ಪ್ರಮಾಣ ಹೆಚ್ಚು, ಅದರಲ್ಲೊಂದು ದೋಷ ಅಡಗಿರುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಗಾತ್ರಕ್ಕೆ 0.84. ಪ್ರಯೋಗಗಳ ಫಲಿತಾಂಶ ಒಂದರಂತೆ ಇನ್ನೊಂದಿರುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಶಾಫ್ಟುಗಳು ತಾಳಬೇಕೆಂದರೆ 0.81. ಇವೆಲ್ಲವನ್ನೂ ಗುಣಿಸಿದಾಗ 315 ಇಳಿದು ಸುಮಾರು 175 ಆಗುತ್ತದೆ.

ಮೂರನೆಯ ಹೆಜ್ಜೆ ಫಿಲೆಟ್ಟಿಗೆ ಸಂಬಂಧಿಸಿದ್ದು. ಕಾಲುವೆ ಒಮ್ಮೆಲೇ ಕಿರಿದಾದಾಗ ನೀರು ಮೂಲೆಯಲ್ಲಿ ರಭಸಗೊಳ್ಳುವಂತೆ, ವ್ಯಾಸ ಇಳಿದ ಕಡೆ ಸ್ಟ್ರೆಸ್ ಮೂಲೆಯಲ್ಲಿ ಒತ್ತಾಗುತ್ತದೆ. ಎಷ್ಟು ಪಟ್ಟು ಎಂಬುದು ಎರಡು ಅನುಪಾತಗಳ ಮೇಲೆ ನಿಂತಿದೆ. ದೊಡ್ಡ ವ್ಯಾಸವನ್ನು ಸಣ್ಣದರಿಂದ ಭಾಗಿಸಿದರೆ 1.2, ಫಿಲೆಟ್ಟಿನ ತ್ರಿಜ್ಯವನ್ನು ಸಣ್ಣ ವ್ಯಾಸದಿಂದ ಭಾಗಿಸಿದರೆ 0.05. ಕೈಪಿಡಿಗಳ ನಕ್ಷೆಯಲ್ಲಿ ಇವಕ್ಕೆ ಸಿಗುವ ಉತ್ತರ ಸುಮಾರು 1.87. ಆದರೆ ಉಕ್ಕಿಗೆ ಮೂಲೆಯ ಪೂರ್ಣ ಪೆಟ್ಟು ತಾಗುವುದಿಲ್ಲ. ಈ ಉಕ್ಕಿಗೆ, ಈ ತ್ರಿಜ್ಯಕ್ಕೆ, ಹೆಚ್ಚಳದ ಶೇಕಡ 80ರಷ್ಟು ಮಾತ್ರ ತಾಗುತ್ತದೆ. ಹಾಗಾಗಿ ದಣಿವಿನ ಗುಣಕ 1 + 0.80 × 0.87, ಅಂದರೆ 1.69. ಮೂಲೆಯಲ್ಲಿರುವ ಸ್ಟ್ರೆಸ್ 64ರ 1.69 ಪಟ್ಟು, ಸುಮಾರು 108.

ಕೊನೆಯ ಹೆಜ್ಜೆ ಭಾಗಾಕಾರ. 175ನ್ನು 108ರಿಂದ ಭಾಗಿಸಿದರೆ ಸುರಕ್ಷತಾ ಗುಣಕ 1.6. ಭಾರವನ್ನು ಚೆನ್ನಾಗಿ ಬಲ್ಲ ಸಾಧಾರಣ ಯಂತ್ರಕ್ಕೆ ಇದನ್ನು ಒಪ್ಪಬಹುದು. ಬೆಲ್ಟ್ ಎಷ್ಟು ಎಳೆಯುತ್ತದೆ ಎಂಬುದೇ ಖಚಿತವಿಲ್ಲದಿದ್ದರೆ, ಅಥವಾ ಮುರಿದಾಗ ಜೀವಕ್ಕೆ ಅಪಾಯವಿದ್ದರೆ, 2 ಅಥವಾ ಅದಕ್ಕಿಂತ ಹೆಚ್ಚು ಬೇಕು. ಮೊದಲು ಐದೂವರೆ ಎನಿಸಿದ್ದು ಈಗ 1.6ಕ್ಕೆ ಬಂದು ನಿಂತಿದೆ. ಈ ಲೆಕ್ಕದಲ್ಲಿ ಆಗಾಗ ಆಗುವ ತಪ್ಪೊಂದಿದೆ: ಫಿಲೆಟ್ಟಿನ ಗುಣಕದಿಂದ ಸ್ಟ್ರೆಸ್ಸನ್ನೂ ಏರಿಸಿ, ತಾಳಿಕೆಯ ಮಿತಿಯನ್ನೂ ಇಳಿಸುವುದು. ಎರಡರಲ್ಲಿ ಒಂದನ್ನು ಮಾತ್ರ ಮಾಡಬೇಕು.

ತ್ರಿಜ್ಯ ಬದಲಾದರೆ ಏನಾಗುತ್ತದೆ ಎಂದು ನೋಡಬೇಕು. ನಕ್ಷೆಯಲ್ಲಿ 2 ಮಿಲಿಮೀಟರ್ ಎಂದಿದ್ದರೂ ಚೂಪು ಉಳಿಯಿಂದ ಕಡೆದು 0.5 ಮಾತ್ರ ಉಳಿಸಿದರೆ, ಮೂಲೆಯ ಸ್ಟ್ರೆಸ್ 128ಕ್ಕೆ ಏರಿ ಸುರಕ್ಷತಾ ಗುಣಕ 1.4ಕ್ಕಿಂತ ಕೆಳಗಿಳಿಯುತ್ತದೆ. ಶಾಫ್ಟ್ ನೋಡಲು ಹಾಗೆಯೇ ಇರುತ್ತದೆ. ರೇಡಿಯಸ್ ಗೇಜ್ ಇಟ್ಟು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ತ್ರಿಜ್ಯವನ್ನು 4 ಮಾಡಿದರೆ ಗುಣಕ 1.8ಕ್ಕೆ ಏರುತ್ತದೆ. ಇನ್ನೂ ಬೇಕಿದ್ದರೆ ವ್ಯಾಸ ಹೆಚ್ಚಿಸಬೇಕು. ಸೂತ್ರದಲ್ಲಿ ವ್ಯಾಸದ ಘನ ಇರುವುದರಿಂದ ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಸಾಮಾನ್ಯ ಸ್ಟ್ರೆಸ್ ಕಾಲು ಭಾಗ ತಗ್ಗುತ್ತದೆ.

ತ್ರಿಜ್ಯವನ್ನು ಮನಬಂದಂತೆ ಹಿಗ್ಗಿಸಲೂ ಆಗದು. ಬೇರಿಂಗ್ ಮೆಟ್ಟಿಲಿಗೆ ತಾಗಿ ಕೂರಬೇಕಾದಾಗ ಅದರ ಒಳಬಳೆಯ ಅಂಚಿಗಿಂತ ಫಿಲೆಟ್ ದೊಡ್ಡದಾಗಬಾರದು. 40 ಮಿಲಿಮೀಟರ್ ಒಳವ್ಯಾಸದ 6208 ಬೇರಿಂಗಿಗೆ ಹೆಚ್ಚೆಂದರೆ 1 ಮಿಲಿಮೀಟರ್. ಮೀರಿದರೆ ಬೇರಿಂಗ್ ಮೆಟ್ಟಿಲಿಗೆ ತಾಗದೆ ಫಿಲೆಟ್ಟಿನ ಮೇಲೆ ಓರೆಯಾಗಿ ಕೂರುತ್ತದೆ. ಅಂಥಲ್ಲಿ ನಡುವೆ ಅಂಚು ಕಡೆದ ಬಳೆಯೊಂದನ್ನು ಇಟ್ಟು ದೊಡ್ಡ ಫಿಲೆಟ್ಟಿಗೆ ಜಾಗ ಮಾಡುತ್ತಾರೆ.

ಈ ಲೆಕ್ಕಕ್ಕೂ ಗಡಿಯಿದೆ. ತುಕ್ಕು ಹಿಡಿಯುವ ಜಾಗದಲ್ಲಿ ಉಕ್ಕಿಗೂ ಖಚಿತವಾದ ತಾಳಿಕೆಯ ಮಿತಿ ಉಳಿಯುವುದಿಲ್ಲ. ಅಲ್ಯುಮಿನಿಯಮ್ಮಿಗೆ ಅದು ಇಲ್ಲವೇ ಇಲ್ಲ. ಶಾಫ್ಟ್ ಶಕ್ತಿಯನ್ನೂ ಸಾಗಿಸುವುದಾದರೆ ತಿರುಚುವಿಕೆಯನ್ನು ಸೇರಿಸಬೇಕು. ಡ್ರಮ್ಮಿನ ಹಬ್ ಬಿಗಿಯಾಗಿ ಕುಳಿತ ಅಂಚು, ಕೀಲಿಯ ಗಾಡಿ ಮುಂತಾದ ಕಡೆಗಳನ್ನು ಬೇರೆಯಾಗಿ ಪರೀಕ್ಷಿಸಬೇಕು.

ಶಾಫ್ಟ್ ಮುರಿದೇ ಹೋದರೆ ಕಾರಣವನ್ನು ಮುರಿದ ಮುಖ ಹೇಳುತ್ತದೆ. ದಣಿವಿನಿಂದ ಮುರಿದದ್ದಾದರೆ ಅಂಚಿನಿಂದ ಒಳಗೆ ನಯವಾದ ಭಾಗ ಹರಡಿರುತ್ತದೆ. ಅದರಲ್ಲಿ ಬಿರುಕು ನಿಂತು ನಿಂತು ಮುಂದುವರಿದ ಬಾಗುಗೆರೆಗಳು ಹಲವು ಬಾರಿ ಬರಿಗಣ್ಣಿಗೇ ಕಾಣುತ್ತವೆ. ಕಟ್ಟಕಡೆಗೆ ಒಮ್ಮೆಲೇ ಹರಿದ ಭಾಗ ಮಾತ್ರ ಒರಟಾಗಿರುತ್ತದೆ. ಒರಟು ಭಾಗ ಚಿಕ್ಕದಿದ್ದರೆ ಭಾರ ಹೆಚ್ಚಿರಲಿಲ್ಲ ಎಂದರ್ಥ. ಆಗ ಅಳೆಯಬೇಕಾದದ್ದು ಫಿಲೆಟ್ಟಿನ ತ್ರಿಜ್ಯ ಮತ್ತು ಅದರ ಮೇಲಿನ ಉಳಿಗೆರೆಗಳನ್ನು.