ರಿಲೇ ‘ಟಕ್’ ಎನ್ನಬೇಕಾದರೆ

ಟೆರೇಸಿನ ಟ್ಯಾಂಕು ತುಂಬಿದ ಕೂಡಲೇ ಮೋಟಾರು ತಾನಾಗಿ ನಿಲ್ಲಬೇಕು. ಸಂಪಿನಲ್ಲಿ ನೀರಿದ್ದರೆ ಮಾತ್ರ ಶುರುವಾಗಬೇಕು. ಇಂಥದ್ದೊಂದನ್ನು ಮನೆಯಲ್ಲೇ ಮಾಡಿಕೊಳ್ಳುವ ಹುಮ್ಮಸ್ಸು ಡಿಪ್ಲೊಮಾ ಓದುವ ಹುಡುಗರಿಗಷ್ಟೇ ಅಲ್ಲ, ನಿವೃತ್ತರಾದ ಮೇಷ್ಟರಿಗೂ ಇದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಆರ್ಡುಯಿನೊ ಊನೊ ಬೋರ್ಡು, ಒಂದು ರಿಲೇ ತಂದರೆ ಮುಕ್ಕಾಲು ಸಾಮಾನು ಬಂದ ಹಾಗೆಯೇ. ಪ್ರೋಗ್ರಾಂ ಬರೆಯುವುದೂ ಕಷ್ಟವಲ್ಲ. ತಾಪತ್ರಯವಿರುವುದು ಬೋರ್ಡಿನ ಪಿನ್‌ಗೂ ರಿಲೇಗೂ ನಡುವಿನ ಎರಡಿಂಚು ಜಾಗದಲ್ಲಿ. ಅಲ್ಲಿ ಕೂರಬೇಕಾದವು ಮೂರೇ ಬಿಡಿಭಾಗಗಳು: ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಡಯೋಡ್.

ಮೊದಲು ಪಿನ್ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ನೋಡೋಣ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ನೀಲಿ ಬಣ್ಣದ ಪುಟ್ಟ ರಿಲೇಯೊಳಗೆ ತೆಳು ತಾಮ್ರದ ತಂತಿಯ ಕಾಯಿಲ್ ಇದೆ. ಅದರಲ್ಲಿ ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯೊಂದನ್ನು ಎಳೆಯುತ್ತದೆ, ‘ಟಕ್’ ಎಂದು ಕಾಂಟ್ಯಾಕ್ಟ್ ಕೂಡುತ್ತದೆ. 5 ವೋಲ್ಟಿನ ಈ ರಿಲೇಯ ಕಾಯಿಲ್ ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 70 ಓಮ್ ತೋರಿಸುತ್ತದೆ. 5 ವೋಲ್ಟನ್ನು 70 ಓಮ್‌ನಿಂದ ಭಾಗಿಸಿದರೆ 71 ಮಿಲಿಆಂಪ್. ಊನೊ ಬೋರ್ಡಿನ ಚಿಪ್ಪು ಒಂದು ಪಿನ್‌ನಿಂದ ನೆಮ್ಮದಿಯಾಗಿ ಕೊಡುವುದು 20 ಮಿಲಿಆಂಪ್; 40 ದಾಟಿದರೆ ಹಾಳಾದೀತು ಎಂದು ಅದರ ತಯಾರಕರೇ ಬರೆದಿದ್ದಾರೆ. ಅಂದಮೇಲೆ ರಿಲೇಯನ್ನು ಪಿನ್‌ಗೆ ನೇರವಾಗಿ ಜೋಡಿಸುವ ಮಾತೇ ಇಲ್ಲ. ಕೆಲವರು ಜೋಡಿಸಿ, ‘ನನಗೆ ಕೆಲಸ ಮಾಡ್ತಿದೆಯಲ್ಲ’ ಎನ್ನುತ್ತಾರೆ. ಮಾಡುತ್ತದೆ, ಕೆಲವು ದಿನ.

ಹಾಗಾಗಿ ಭಾರ ಹೊರುವ ಕೆಲಸ ಟ್ರಾನ್ಸಿಸ್ಟರಿನದು. ಎನ್‌ಪಿಎನ್ ಜಾತಿಯ ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಅದರ ಎಮಿಟರ್ ಗ್ರೌಂಡಿಗೆ. ಕಲೆಕ್ಟರ್ ರಿಲೇ ಕಾಯಿಲಿನ ಒಂದು ತುದಿಗೆ. ಕಾಯಿಲಿನ ಇನ್ನೊಂದು ತುದಿ 5 ವೋಲ್ಟಿನ ಪ್ಲಸ್‌ಗೆ. ಬೇಸಿಗೆ ರೆಸಿಸ್ಟರ್ ಮೂಲಕ ಬೋರ್ಡಿನ ಪಿನ್. ಪಿನ್ ಬೇಸಿಗೆ ಸ್ವಲ್ಪ ಕರೆಂಟ್ ಕೊಟ್ಟರೆ ಸಾಕು, ಕಾಯಿಲಿನ ದೊಡ್ಡ ಕರೆಂಟ್ ಕಲೆಕ್ಟರಿನಿಂದ ಎಮಿಟರಿಗೆ ಇಳಿದು ಹೋಗುತ್ತದೆ. ರಿಲೇಗೆ ಬೇರೆ ಪವರ್ ಸಪ್ಲೈ ಇಟ್ಟಿದ್ದರೆ ಅದರ ಗ್ರೌಂಡನ್ನೂ ಬೋರ್ಡಿನ ಗ್ರೌಂಡನ್ನೂ ಕೂಡಿಸಬೇಕು. ಇದನ್ನು ಮರೆತರೆ ಬೇಸಿನ ಕರೆಂಟಿಗೆ ವಾಪಸ್ ದಾರಿಯೇ ಇರುವುದಿಲ್ಲ, ರಿಲೇ ಮಿಸುಕುವುದಿಲ್ಲ.

ಈಗ ಬೇಸ್ ರೆಸಿಸ್ಟರ್. ಮೂರರಲ್ಲಿ ಹೆಚ್ಚು ಜನ ಕಣ್ಣಂದಾಜಿನಲ್ಲಿ ಹಾಕುವುದು ಇದನ್ನೇ. ಡಬ್ಬಿಯಲ್ಲಿ 10 ಕಿಲೋಓಮ್ ಕೈಗೆ ಸಿಕ್ಕಿತು, ಅದನ್ನೇ ಹಾಕಿದರು ಎಂದಿಟ್ಟುಕೊಳ್ಳಿ. ಟ್ರಾನ್ಸಿಸ್ಟರ್ ನಮ್ಮ ಲ್ಯಾಬುಗಳ ಹಳೆಯ ಪರಿಚಯ, ಬಿ.ಸಿ. 547. ಬೇಸಿಗೂ ಎಮಿಟರಿಗೂ ನಡುವೆ 0.7 ವೋಲ್ಟ್ ಬಿಟ್ಟರೆ ರೆಸಿಸ್ಟರಿನ ಮೇಲೆ ಉಳಿಯುವುದು 4.3 ವೋಲ್ಟ್. 10 ಕಿಲೋಓಮ್‌ನಲ್ಲಿ ಅದು ಹರಿಸುವುದು 0.43 ಮಿಲಿಆಂಪ್. ಈ ಟ್ರಾನ್ಸಿಸ್ಟರಿನ ಗೇನ್, ಅಂದರೆ ಬೇಸಿನ ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ, 110ರಿಂದ 800ರವರೆಗೆ ಎಷ್ಟಾದರೂ ಇರಬಹುದು. ಒಂದೇ ಹೆಸರಿನ ಎರಡು ತುಂಡುಗಳ ನಡುವೆ ಇಷ್ಟು ಅಂತರ! ನಿಮಗೆ ಸಿಕ್ಕಿದ್ದು 200 ಗೇನಿನದಾದರೆ 86 ಮಿಲಿಆಂಪ್‌ವರೆಗೆ ಸಾಗಿಸಬಲ್ಲದು, ರಿಲೇ ಎಳೆಯುತ್ತದೆ. ಪಕ್ಕದ ಮನೆಯವರಿಗೆ 110ರದು ಸಿಕ್ಕಿತೋ, ಬರೀ 47 ಮಿಲಿಆಂಪ್. ಆಗ ಕಾಯಿಲಿಗೆ ಸಿಗುವುದು 3.3 ವೋಲ್ಟ್. ಈ ರಿಲೇ ಎಳೆಯಲು ಕನಿಷ್ಠ 3.75 ವೋಲ್ಟ್ ಬೇಕು. ಅದೇ ಸರ್ಕ್ಯೂಟ್, ಅದೇ ಪ್ರೋಗ್ರಾಂ, ಒಬ್ಬರಿಗೆ ಆಯಿತು, ಇನ್ನೊಬ್ಬರಿಗೆ ಇಲ್ಲ. ಅವರು ಪಾಪ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಸಾಲದ್ದಕ್ಕೆ ಆ ಗೇನ್ ಅಂಕಿ 2 ಮಿಲಿಆಂಪಿನಲ್ಲಿ ಅಳೆದದ್ದು. ಕರೆಂಟ್ 70ರ ಹತ್ತಿರ ಹೋದಂತೆ ಗೇನ್ ಇನ್ನೂ ಇಳಿಯುತ್ತದೆ.

ಇದಕ್ಕೆ ಮದ್ದು, ಗೇನನ್ನು ನಂಬದಿರುವುದು. ಸ್ವಿಚ್ಚಾಗಿ ಬಳಸುವಾಗ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಳ್ಳಬೇಕು. ಅದಕ್ಕೆ ಬೇಕಾದ್ದಕ್ಕಿಂತ ಧಾರಾಳವಾಗಿಯೇ ಬೇಸಿಗೆ ಕರೆಂಟ್ ಕೊಡಬೇಕು. ವಾಡಿಕೆಯ ಲೆಕ್ಕ ಹೀಗೆ: ಕಾಯಿಲಿನ ಕರೆಂಟಿನ ಇಪ್ಪತ್ತರಲ್ಲಿ ಒಂದು ಪಾಲು, ಇಲ್ಲವೇ ಹತ್ತರಲ್ಲಿ ಒಂದು ಪಾಲು ಬೇಸಿಗೆ. 71ರ ಇಪ್ಪತ್ತನೇ ಒಂದು ಪಾಲು ಸುಮಾರು 3.5 ಮಿಲಿಆಂಪ್.

```
R = (5 - 0.7) / 0.0035 ≈ 1230 ಓಮ್
```

ಅದಕ್ಕಿಂತ ಕೆಳಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 1 ಕಿಲೋಓಮ್. ಅದನ್ನು ಹಾಕಿದರೆ 4.3 ಮಿಲಿಆಂಪ್ ಹರಿಯುತ್ತದೆ. ಪಿನ್‌ಗೆ ಇದು ಯಾವ ಲೆಕ್ಕ? ಕಡಿಮೆ ಗೇನಿನ ಟ್ರಾನ್ಸಿಸ್ಟರೂ ಇಷ್ಟರಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ. ನಿಮ್ಮ ಬೋರ್ಡು 3.3 ವೋಲ್ಟಿನದಾದರೆ ಅದೇ ಲೆಕ್ಕ 680 ಓಮ್‌ಗೆ ಬಂದು ನಿಲ್ಲುತ್ತದೆ. ಹಾಗೆಂದು ರೆಸಿಸ್ಟರನ್ನೇ ಬಿಟ್ಟು ಪಿನ್ನನ್ನು ನೇರ ಬೇಸಿಗೆ ಕೊಟ್ಟರೆ, ಪಿನ್‌ಗೂ ಗ್ರೌಂಡಿಗೂ ನಡುವೆ 0.7 ವೋಲ್ಟಿನ ಒಂದು ಡಯೋಡ್ ಮಾತ್ರ ಉಳಿದಂತಾಗಿ ಪಿನ್ ತನ್ನ ಮಿತಿ ಮೀರಿ ಕರೆಂಟ್ ಸುರಿಯುತ್ತದೆ.

ಟ್ರಾನ್ಸಿಸ್ಟರ್ ಪೂರ್ತಿ ತೆರೆದಿದೆಯೇ ಎಂದು ತಿಳಿಯುವುದು ಸುಲಭ. ರಿಲೇ ಆನ್ ಇರುವಾಗ ಕಲೆಕ್ಟರಿಗೂ ಎಮಿಟರಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟಿನ ಆಸುಪಾಸು ಬಂದರೆ ಸರಿ. ಒಂದೂವರೆ ವೋಲ್ಟ್ ತೋರಿಸಿದರೆ ಅರ್ಧ ತೆರೆದ ಟ್ರಾನ್ಸಿಸ್ಟರ್ ಕಾಯಿಲಿಗೆ ಸೇರಬೇಕಾದ್ದನ್ನು ತಾನೇ ನುಂಗುತ್ತಿದೆ. ಆಗ ಒಂದೋ ಬೇಸ್ ರೆಸಿಸ್ಟರ್ ಹೆಚ್ಚಾಗಿದೆ, ಇಲ್ಲವೇ ಕಾಲುಗಳು ಅದಲುಬದಲಾಗಿವೆ. ಈ ಎರಡನೆಯದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲು ಕೆಳಗೆ ಹಿಡಿದರೆ ಬಿ.ಸಿ. 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿ.ಎನ್. 2222ರಲ್ಲಿ ಎಮಿಟರ್ ಎಡಕ್ಕೆ. ಅಂಗಡಿಯವರು ‘ಎರಡೂ ಒಂದೇ ಸಾರ್’ ಎಂದು ಕೊಟ್ಟದ್ದನ್ನು ಹಳೆಯ ತೂತಿಗೇ ತೂರಿಸಿದರೆ ಟ್ರಾನ್ಸಿಸ್ಟರ್ ತಲೆಕೆಳಗಾಗುತ್ತದೆ. ಸುಡದೆಯೂ ಇರಬಹುದು, ಆದರೆ ಗೇನ್ ತೀರಾ ಕುಸಿದಿರುತ್ತದೆ. ಇನ್ನೊಂದು ಮಾತು: ಬಿ.ಸಿ. 547ರ ಮಿತಿ 100 ಮಿಲಿಆಂಪ್. 71ಕ್ಕೆ ಸಾಕಾದರೂ ನಾನಾದರೆ ಬಿ.ಸಿ. 337 ಹಾಕುತ್ತೇನೆ. ಅದಕ್ಕೆ 800ರವರೆಗೆ ತಾಳುವ ಶಕ್ತಿಯಿದೆ, ಕಾಲುಗಳ ಸಾಲೂ ಅದೇ.

ಹಳೆಯ 8051 ಚಿಪ್ಪಿನಲ್ಲಿ ಕಲಿತವರು ಇಲ್ಲೊಂದು ಕಡೆ ಎಡವುತ್ತಾರೆ. ಅದರ ಪೋರ್ಟ್ ಪಿನ್ ಗ್ರೌಂಡಿನ ಕಡೆಗೆ ಕೆಲವು ಮಿಲಿಆಂಪ್ ಎಳೆದುಕೊಳ್ಳಬಲ್ಲದು. ಹೊರಗೆ ಕೊಡು ಎಂದರೆ ಮಾತ್ರ ಒಂದು ಮಿಲಿಆಂಪೂ ಇಲ್ಲ. ಬೇಸಿನಲ್ಲಿ 1 ಕಿಲೋಓಮ್ ಇದ್ದರೂ ಕರೆಂಟೇ ಹೊರಡುವುದಿಲ್ಲ. ಜೊತೆಗೆ ಆ ಚಿಪ್ಪು ಆನ್ ಆದ ಕ್ಷಣ ಎಲ್ಲ ಪಿನ್‌ಗಳೂ ಹೈ ಆಗಿರುತ್ತವೆ. ಅಲ್ಲಿ ಪಿಎನ್‌ಪಿ ಟ್ರಾನ್ಸಿಸ್ಟರ್ ಬಳಸಿ, ಎಮಿಟರನ್ನು 5 ವೋಲ್ಟಿಗೂ ಕಲೆಕ್ಟರನ್ನು ಕಾಯಿಲಿಗೂ ಕೊಟ್ಟರೆ ಎರಡೂ ತೊಂದರೆ ಒಟ್ಟಿಗೆ ತೀರುತ್ತವೆ: ಪಿನ್ ಲೋ ಆದಾಗ ರಿಲೇ ಆನ್, ಹೈ ಇದ್ದಾಗ ಆಫ್. ರಿಲೇ 12 ವೋಲ್ಟಿನದಾದರೆ ಮಾತ್ರ ಈ ಉಪಾಯ ನಡೆಯದು. 5 ವೋಲ್ಟಿನ ಪಿನ್‌ಗೆ ಆ ಟ್ರಾನ್ಸಿಸ್ಟರನ್ನು ಮುಚ್ಚಲು ಬಾರದು. ಊನೊದಲ್ಲಿ ತೊಡಕು ಬೇರೆ ಬಗೆಯದು. ಬೋರ್ಡು ಎಚ್ಚರಗೊಳ್ಳುವವರೆಗೆ ಪಿನ್ ಅತ್ತಲೂ ಅಲ್ಲ ಇತ್ತಲೂ ಅಲ್ಲ. ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್ ಒಂದು ಹಾಕಿದರೆ ಆ ಹೊತ್ತಿನಲ್ಲಿ ರಿಲೇ ಸುಮ್ಮನಿರುತ್ತದೆ.

ಇನ್ನು ಡಯೋಡ್. ಉದ್ದದ ಪೈಪಿನಲ್ಲಿ ನೀರು ರಭಸದಿಂದ ಹರಿಯುವಾಗ ವಾಲ್ವನ್ನು ತಟ್ಟನೆ ಮುಚ್ಚಿದರೆ ಪೈಪು ಧಡ್ ಎಂದು ಅದುರುವುದನ್ನು ಕೇಳಿರುತ್ತೀರಿ. ಕಾಯಿಲಿನ ಸ್ವಭಾವವೂ ಹಾಗೆಯೇ. ಅದರಲ್ಲಿ ಹರಿಯುತ್ತಿರುವ 71 ಮಿಲಿಆಂಪ್, ಟ್ರಾನ್ಸಿಸ್ಟರ್ ಮುಚ್ಚಿತೆಂದು ಒಮ್ಮೆಗೇ ನಿಲ್ಲುವುದಿಲ್ಲ. ಕಾಯಿಲ್ ತನ್ನಲ್ಲಿ ಕೂಡಿಟ್ಟ ಶಕ್ತಿಯಿಂದ ಅದನ್ನು ಹೇಗಾದರೂ ಮುಂದೂಡಲು ನೋಡುತ್ತದೆ, ಕಲೆಕ್ಟರಿನ ವೋಲ್ಟೇಜು ಸರ್ರನೆ ಏರುತ್ತದೆ. ಬಿ.ಸಿ. 547 ತಾಳುತ್ತೇನೆ ಎನ್ನುವುದು 45 ವೋಲ್ಟ್. ಅದನ್ನು ದಾಟಿದ ಪೆಟ್ಟು ಬಿದ್ದಷ್ಟು ಸಲವೂ ಟ್ರಾನ್ಸಿಸ್ಟರ್ ಒಳಗೊಳಗೇ ಸವೆಯುತ್ತದೆ.

ಕಾಯಿಲಿನ ಎರಡು ತುದಿಗಳಿಗೆ ಅಡ್ಡವಾಗಿ 1ಎನ್ 4007 ಡಯೋಡನ್ನು, ಬೆಳ್ಳಿ ಪಟ್ಟಿಯಿರುವ ತುದಿ ಪ್ಲಸ್ ಕಡೆಗೆ ಬರುವಂತೆ ಹಾಕಿ. ರಿಲೇ ಆನ್ ಇರುವಾಗ ಅದಕ್ಕೆ ಕೆಲಸವಿಲ್ಲ. ಆಫ್ ಆದ ಕ್ಷಣ ಕಾಯಿಲಿನ ಕರೆಂಟ್ ಡಯೋಡಿನ ಮೂಲಕ ಕಾಯಿಲಿಗೇ ಸುತ್ತು ಹಾಕುತ್ತಾ ಕರಗುತ್ತದೆ; ಕಲೆಕ್ಟರ್ 5.7 ವೋಲ್ಟಿನ ಆಚೆ ಹೋಗುವುದಿಲ್ಲ. ಪಟ್ಟಿ ತಿರುವುಮುರುವಾದರೆ ಟ್ರಾನ್ಸಿಸ್ಟರ್ ತೆರೆದೊಡನೆ ಪ್ಲಸ್‌ನಿಂದ ಗ್ರೌಂಡಿಗೆ ನೇರ ಶಾರ್ಟ್, ಟ್ರಾನ್ಸಿಸ್ಟರಿಗೆ ಉಳಿಗಾಲವಿಲ್ಲ. ಡಯೋಡಿನಿಂದ ಆಗುವ ನಷ್ಟವೂ ಒಂದಿದೆ: ಕರೆಂಟ್ ನಿಧಾನವಾಗಿ ಕರಗುವುದರಿಂದ ರಿಲೇ ಬಿಡುವುದು ಕೆಲವು ಮಿಲಿಸೆಕೆಂಡ್ ತಡ. ನೀರಿನ ಮೋಟಾರಿಗೆ ಇದರಿಂದ ಏನೂ ಆಗದು.

ಡಯೋಡ್ ಇಲ್ಲದ ಸರ್ಕ್ಯೂಟ್ ಅಂದೇ ಸಾಯುವುದಿಲ್ಲ, ಅದೇ ಮೋಸ. ಬೋರ್ಡು ಆಗಾಗ ತಾನೇ ರೀಸೆಟ್ ಆಗುತ್ತದೆ, ಡಿಸ್‌ಪ್ಲೇಯಲ್ಲಿ ಅರ್ಥವಿಲ್ಲದ ಅಕ್ಷರ ಮೂಡುತ್ತವೆ. ಯಾವಾಗ ಆಗುತ್ತದೆ ಎಂದು ಗಮನಿಸಿ. ರಿಲೇ ಆನ್ ಆಗುವಾಗ ರೀಸೆಟ್ ಆದರೆ ಪವರ್ ಸಪ್ಲೈ ಸೋಲುತ್ತಿದೆ. ಆಫ್ ಆಗುವಾಗ ಆದರೆ ಡಯೋಡನ್ನು ಶಂಕಿಸಿ. ಡಯೋಡ್ ಸರಿಯಾಗಿಯೇ ಇದೆಯೆಂದರೆ ಮೋಟಾರಿನ ವೈರುಗಳನ್ನು ರಿಲೇಯಿಂದ ಬಿಡಿಸಿ, ಬರಿಯ ರಿಲೇಯನ್ನು ಆನ್-ಆಫ್ ಮಾಡಿ ನೋಡಿ. ಈಗ ರೀಸೆಟ್ ನಿಂತಿತೇ? ಹಾಗಿದ್ದರೆ ಕೀಟಲೆ ಕಾಯಿಲಿನದಲ್ಲ, ಕಾಂಟ್ಯಾಕ್ಟ್ ಬಿಡುವಾಗ ಹೊಮ್ಮುವ ಕಿಡಿಯದು. ಕಾಯಿಲಿನ ಡಯೋಡಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ಕಾಂಟ್ಯಾಕ್ಟಿನ ಅಡ್ಡಕ್ಕೆ ಬೇರೆ ಸ್ನಬ್ಬರ್ ಬೇಕು. ವೈರು ಬಿಡಿಸುವ ಮೊದಲು ಮೇನ್ ಆಫ್ ಮಾಡಿರಬೇಕು ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ. ಅಲ್ಲಿರುವುದು 230 ವೋಲ್ಟ್.

ರಿಲೇಯ ಮೈಮೇಲೆ 10 ಆಂಪ್, 250 ವೋಲ್ಟ್ ಎಂದು ಬರೆದಿರುವುದನ್ನು ನೋಡಿ ಒಂದು ಎಚ್.ಪಿ. ಮೋಟಾರನ್ನು ನೇರವಾಗಿ ಅದಕ್ಕೆ ಕೊಡಬೇಡಿ. ಆ ಅಂಕಿ ಹೀಟರಿನಂಥ ಸಾದಾ ಲೋಡಿಗೆ. ಮೋಟಾರು ಶುರುವಾಗುವ ಕ್ಷಣ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಪುಟ್ಟ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಪ್ರೋಗ್ರಾಂ ಎಷ್ಟೇ ಆಫ್ ಎಂದರೂ ಟ್ಯಾಂಕು ತುಂಬಿ ಹರಿಯುತ್ತಲೇ ಇರುತ್ತದೆ. ಈ ರಿಲೇಯಿಂದ ಕಾಂಟ್ಯಾಕ್ಟರ್ ಒಂದರ ಕಾಯಿಲನ್ನು ನಡೆಸಿ, ಮೋಟಾರನ್ನು ಆ ಕಾಂಟ್ಯಾಕ್ಟರಿಗೆ ಬಿಡಿ.